ಕ್ಲೋರಿನ್ ಮೇಲೆ, ನೈಟ್ರೋಜನ್ ಕೆಳಗೆ: ಕಾರಣ ಯಾವ ಹೆಜ್ಜೆಯಲ್ಲಿದೆ?

ಪ್ರಶ್ನೆ: ಸರ್, ನ್ಯೂಕ್ಲಿಯೊಫೈಲ್ ಜೊತೆ ಕ್ರಿಯೆಯ ಚುರುಕು ಆಸಿಡ್ ಕ್ಲೋರೈಡ್, ಅನ್‌ಹೈಡ್ರೈಡ್, ಎಸ್ಟರ್, ಅಮೈಡ್ ಅಂತ ಇಳಿಯುತ್ತಾ ಹೋಗೋ ಕ್ರಮ ಬಾಯಿಪಾಠ ಆಗಿದೆ. ಕಾರಣ ಬರೆಯೋಕೆ ಹೋದರೆ ತಲೆ ಕೆಡುತ್ತೆ. ಕ್ಲೋರಿನ್ ಎಲೆಕ್ಟ್ರಾನ್ ಎಳೆಯುತ್ತೆ ಅಂತ ಬರೆದರೆ, ಆಕ್ಸಿಜನ್ ಇನ್ನೂ ಜಾಸ್ತಿ ಎಳೆಯುತ್ತಲ್ಲ, ಹಾಗಾದರೆ ಎಸ್ಟರ್ ಯಾಕೆ ಮೇಲಿಲ್ಲ? ಒಬ್ಬ ಲೆಕ್ಚರರ್ ರೆಸೊನೆನ್ಸ್ ಅಂತಾರೆ, ಇನ್ನೊಬ್ಬರು ಲೀವಿಂಗ್ ಗ್ರೂಪ್ ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ನಿಮ್ಮ ಅನುಮಾನಕ್ಕೆ ಅಂಕಿ ಕೊಟ್ಟು ನೋಡೋಣ. ಪೌಲಿಂಗ್ ಮಾಪನದಲ್ಲಿ ಕ್ಲೋರಿನ್‌ನ ಎಲೆಕ್ಟ್ರೋನೆಗೆಟಿವಿಟಿ 3.16, ನೈಟ್ರೋಜನ್‌ನದು 3.04, ಆಕ್ಸಿಜನ್‌ನದು 3.44. ಎಳೆಯುವ ಬಲವೊಂದೇ ಲೆಕ್ಕಕ್ಕೆ ಬರುವುದಾದರೆ ಎಸ್ಟರ್ ಎಲ್ಲಕ್ಕಿಂತ ಚುರುಕಾಗಿರಬೇಕಿತ್ತು, ಆಸಿಡ್ ಕ್ಲೋರೈಡೂ ಅಮೈಡೂ ಅಕ್ಕಪಕ್ಕ ನಿಲ್ಲಬೇಕಿತ್ತು. ನಿಜದಲ್ಲಿ ಆ ಎರಡು ಏಣಿಯ ಎರಡು ತುದಿಗಳಲ್ಲಿವೆ. ಹಾಗಾಗಿ "ಕ್ಲೋರಿನ್ ಎಳೆಯುತ್ತದೆ" ಎಂಬ ಒಂದೇ ಸಾಲಿನ ಉತ್ತರ ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಎಳೆದ ಪರಮಾಣು ತನ್ನ ಒಂಟಿ ಜೋಡಿಯಿಂದ ಎಷ್ಟನ್ನು ವಾಪಸ್ ಕೊಡುತ್ತದೆ ಎನ್ನುವುದು.

ಏಣಿಯ ಮೆಟ್ಟಿಲುಗಳು ಎಷ್ಟು ದೂರ ದೂರ ಇವೆ ಎಂಬುದನ್ನು ಪಠ್ಯಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಬೇರೇನನ್ನೂ ಸೇರಿಸದೆ, 25 ಡಿಗ್ರಿ ಸೆಲ್ಸಿಯಸ್‌ನ ತಟಸ್ಥ ನೀರಿನಲ್ಲಿ ಅಸಿಟೈಲ್ ಗುಂಪನ್ನು ನಾಲ್ಕು ವೇಷಗಳಲ್ಲಿ ಇಟ್ಟಿದ್ದೇವೆ ಎಂದುಕೊಳ್ಳಿ. ಅಸಿಟೈಲ್ ಕ್ಲೋರೈಡ್ ನೀರಿಗೆ ಬಿದ್ದ ಒಂದು ಸೆಕೆಂಡಿನೊಳಗೇ ಬಹುಪಾಲು ಮುಗಿದುಹೋಗುತ್ತದೆ. ಬಾಟಲಿಯ ಮುಚ್ಚಳ ತೆರೆದರೆ ಗಾಳಿಯ ತೇವಕ್ಕೇ ಹೊಗೆಯಾಡುವುದನ್ನು ನೀವೂ ನೋಡಿರುತ್ತೀರಿ. ಅಸಿಟಿಕ್ ಅನ್‌ಹೈಡ್ರೈಡಿನ ಅರ್ಧಾಯು ನಾಲ್ಕೈದು ನಿಮಿಷ. ಈಥೈಲ್ ಅಸಿಟೇಟಿನದು ಸುಮಾರು 2 ವರ್ಷ. ಪ್ರೋಟೀನಿನಲ್ಲಿರುವಂಥ ಸಾಮಾನ್ಯ ಅಮೈಡ್ ಬಂಧದ್ದು ನೂರಾರು ವರ್ಷ. ಸೆಕೆಂಡು, ನಿಮಿಷ, ವರ್ಷ, ಶತಮಾನ. ಮೆಟ್ಟಿಲುಗಳ ಅಂತರ ಸಮವಾಗಿಲ್ಲ ಎನ್ನುವುದನ್ನೂ ಗಮನಿಸಿ: ಅನ್‌ಹೈಡ್ರೈಡಿನಿಂದ ಎಸ್ಟರಿಗೆ ಇಳಿಯುವ ಮೆಟ್ಟಿಲು ಪ್ರಪಾತದಂತಿದೆ.

ಈಗ ಕಾರಣಕ್ಕೆ ಬರೋಣ. ಈ ಕ್ರಿಯೆಗೆ ಎರಡು ಹೆಜ್ಜೆಗಳಿವೆ. ಮೊದಲ ಹೆಜ್ಜೆಯಲ್ಲಿ ನ್ಯೂಕ್ಲಿಯೊಫೈಲ್ ಬಂದು ಕಾರ್ಬೊನಿಲ್ ಕಾರ್ಬನ್ನಿಗೆ ಅಂಟುತ್ತದೆ, ಚಪ್ಪಟೆಯಾಗಿದ್ದ ಕಾರ್ಬನ್ ನಾಲ್ಕು ಕೈಗಳ ಟೆಟ್ರಾಹೆಡ್ರಲ್ ಮಧ್ಯವರ್ತಿಯಾಗುತ್ತದೆ. ಎರಡನೆಯದರಲ್ಲಿ ಆಕ್ಸಿಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಮತ್ತೆ ಒಳಗೆ ತಳ್ಳಿ C=O ಬಂಧವನ್ನು ಕಟ್ಟಿಕೊಳ್ಳುತ್ತದೆ, ಆಗ ಯಾರಾದರೊಬ್ಬರು ಹೊರಗೆ ಹೋಗಲೇಬೇಕು. ನಿಮ್ಮ ಒಬ್ಬ ಲೆಕ್ಚರರ್ ಮೊದಲ ಹೆಜ್ಜೆಯ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಎರಡನೆಯದರ ಮಾತಾಡುತ್ತಿದ್ದಾರೆ. ಇಬ್ಬರ ನಡುವೆ ಜಗಳವಿಲ್ಲ. ಆದರೆ ಯಾವ ಸಂಯುಕ್ತಕ್ಕೆ ಯಾವ ಹೆಜ್ಜೆ ಕಷ್ಟ ಎಂಬುದು ಬೇರೆ ಬೇರೆ, ಗೊಂದಲ ಹುಟ್ಟುವುದು ಅಲ್ಲೇ.

ಮೊದಲ ಹೆಜ್ಜೆ. ಅಮೈಡಿನ ನೈಟ್ರೋಜನ್ ತನ್ನ ಒಂಟಿ ಜೋಡಿಯನ್ನು ಕಾರ್ಬೊನಿಲ್ ಕಡೆಗೆ ಧಾರಾಳವಾಗಿ ಹರಿಸುತ್ತದೆ. ನೈಟ್ರೋಜನ್, ಕಾರ್ಬನ್ ಎರಡರದ್ದೂ 2p ಕಕ್ಷಕಗಳು. ಗಾತ್ರ ಹೊಂದುತ್ತದೆ, ಬೆರೆಯುವಿಕೆ ಚೆನ್ನಾಗಿರುತ್ತದೆ. ಇದು ಕಾಗದದ ಮೇಲಿನ ಬಾಣವಷ್ಟೇ ಅಲ್ಲ, ಅಳೆದು ನೋಡಬಹುದಾದ ಸಂಗತಿ. ಸಾಧಾರಣ ಅಮೀನಿನಲ್ಲಿ C–N ಬಂಧದ ಉದ್ದ 1.47 ಆಂಗ್‌ಸ್ಟ್ರಾಮ್ ಇದ್ದರೆ ಅಮೈಡಿನಲ್ಲಿ ಸುಮಾರು 1.33. ಡೈಮೀಥೈಲ್ ಫಾರ್ಮಮೈಡಿನ ಪ್ರೋಟಾನ್ ಎನ್‌ಎಂಆರ್‌ನಲ್ಲಿ ಎರಡು ಮೀಥೈಲುಗಳು ಒಂದೇ ಶಿಖರವಾಗದೆ, ಕೋಣೆಯ ತಾಪದಲ್ಲಿ 2.9 ಮತ್ತು 3.0 ಪಿಪಿಎಂ ಹತ್ತಿರ ಎರಡಾಗಿಯೇ ಕಾಣುತ್ತವೆ. ಏಕಬಂಧವೆಂದು ನಾವು ಬರೆಯುವ C–N ಸುತ್ತ ಸಲೀಸಾಗಿ ತಿರುಗಲು ಆಗುತ್ತಿಲ್ಲ ಎಂದರ್ಥ. ಆ ತಡೆ ಮೋಲಿಗೆ ಸುಮಾರು 88 ಕಿಲೋಜೂಲ್. ನ್ಯೂಕ್ಲಿಯೊಫೈಲ್ ಬಂದು ಕಾರ್ಬನ್ನಿಗೆ ಅಂಟಿದ ಕ್ಷಣ ಈ ಬೆರೆಯುವಿಕೆ ಪೂರ್ತಿ ಕಳೆದುಹೋಗುತ್ತದೆ. ಅಮೈಡ್ ಅಷ್ಟು ದೊಡ್ಡ ಬೆಲೆ ತೆತ್ತೇ ಮೊದಲ ಹೆಜ್ಜೆ ಇಡಬೇಕು.

ಎಸ್ಟರಿನ ಆಕ್ಸಿಜನ್ ಕೂಡ 2p ಕಕ್ಷಕದಿಂದಲೇ ಕೊಡುತ್ತದೆ, ಆದರೆ ಅದು ಜಿಪುಣ. ಎಲೆಕ್ಟ್ರೋನೆಗೆಟಿವಿಟಿ ಹೆಚ್ಚಿರುವುದರಿಂದ ತನ್ನ ಜೋಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಸ್ವಲ್ಪವನ್ನಷ್ಟೇ ಬಿಡುತ್ತದೆ. ಅನ್‌ಹೈಡ್ರೈಡಿನಲ್ಲಿ ನಡುವಿನ ಅದೇ ಆಕ್ಸಿಜನ್‌ಗೆ ಎರಡು ಕಡೆ ಎರಡು ಕಾರ್ಬೊನಿಲ್‌ಗಳು ಕೈಚಾಚಿ ನಿಂತಿವೆ; ಇರುವ ಸ್ವಲ್ಪದಲ್ಲೇ ಇಬ್ಬರಿಗೂ ಹಂಚಬೇಕಾಗಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕ್ಲೋರಿನ್‌ನ ಕಥೆಯೇ ಬೇರೆ. ಅದರ ಒಂಟಿ ಜೋಡಿ ಇರುವುದು 3p ಕಕ್ಷಕದಲ್ಲಿ. ಅದು ದೊಡ್ಡದು, C–Cl ಬಂಧವೂ ಉದ್ದ, ಕಾರ್ಬನ್ನಿನ ಪುಟ್ಟ 2p ಜೊತೆ ಸರಿಯಾಗಿ ಬೆರೆಯುವುದಿಲ್ಲ. ಹೀಗಾಗಿ ಕ್ಲೋರಿನ್ ಸಿಗ್ಮಾ ಬಂಧದ ಮೂಲಕ ಎಳೆಯುತ್ತದೆ, ಪೈ ದಾರಿಯಲ್ಲಿ ವಾಪಸ್ ಕೊಡುವುದು ತೀರಾ ಕಡಿಮೆ. ನಿಮ್ಮ ಆಕ್ಸಿಜನ್ ಪ್ರಶ್ನೆಗೆ ಉತ್ತರ ಇಲ್ಲಿದೆ: ಆಕ್ಸಿಜನ್ ಹೆಚ್ಚು ಎಳೆಯುತ್ತದೆ ನಿಜ, ಆದರೆ ಒಂದಿಷ್ಟು ತಿರುಗಿ ಕೊಡುತ್ತದೆ. ಕ್ಲೋರಿನ್ ಎಳೆದದ್ದನ್ನು ಇಟ್ಟುಕೊಳ್ಳುತ್ತದೆ.

ಇದರ ನೆರಳು ಐಆರ್‌ನಲ್ಲೂ ಕಾಣುತ್ತದೆ. C=O ಕಂಪನ ಆಸಿಡ್ ಕ್ಲೋರೈಡಿನಲ್ಲಿ 1800 cm⁻¹ ಸುತ್ತಮುತ್ತ, ಎಸ್ಟರಿನಲ್ಲಿ 1740 ಹತ್ತಿರ, ಅಮೈಡಿನಲ್ಲಿ 1660 ಆಸುಪಾಸು. ಅನ್‌ಹೈಡ್ರೈಡಿಗೆ 1820 ಮತ್ತು 1750 ಎಂದು ಎರಡು ಪಟ್ಟಿಗಳು; ಎರಡು C=O ಜೊತೆಯಾಗಿ ಕಂಪಿಸುವುದರಿಂದ ಹಾಗೆ. ಕೊಡುವಿಕೆ ಹೆಚ್ಚಿದಷ್ಟೂ C=O ಬಂಧದ ದ್ವಿಬಂಧ ಗುಣ ಇಳಿಯುತ್ತದೆ, ಅಂಕಿಯೂ ಇಳಿಯುತ್ತದೆ. ಆದರೆ ಎಳೆಯುವಿಕೆಯೂ ಈ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ಐಆರ್ ನೋಡಿ ವೇಗದ ಲೆಕ್ಕ ಹಾಕಲು ಹೋಗಬೇಡಿ. ದಿಕ್ಕು ತೋರಿಸಲು ಸಾಕು, ಅಷ್ಟೇ.

ಎರಡನೆಯ ಹೆಜ್ಜೆಯಲ್ಲಿ ಪ್ರಶ್ನೆ ಬದಲಾಗುತ್ತದೆ: ಹೊರಗೆ ಹೋದ ಮೇಲೆ ಋಣ ವಿದ್ಯುದಂಶವನ್ನು ಹೊತ್ತು ಬದುಕುವ ಶಕ್ತಿ ಯಾರಿಗಿದೆ? ಇದಕ್ಕೆ ಅಳತೆಗೋಲು ಹೊರಹೋಗುವವರ ಜೋಡಿ ಆಮ್ಲದ pKa. HCl ಗೆ ಸುಮಾರು −7, ಅಸಿಟಿಕ್ ಆಮ್ಲಕ್ಕೆ 4.76, ಎಥನಾಲಿಗೆ 16, ಅಮೋನಿಯಕ್ಕೆ 35ರ ಆಸುಪಾಸು. ಕ್ರಮ ಮತ್ತದೇ. ಇದು ಕಾಕತಾಳೀಯವಲ್ಲ. ಒಂಟಿ ಜೋಡಿಯನ್ನು ಸಲೀಸಾಗಿ ಬಿಟ್ಟುಕೊಡುವ ಪರಮಾಣುವಿಗೆ ಒಂದು ಜೋಡಿಯನ್ನು ತಾನೊಬ್ಬನೇ ಹೊತ್ತು ಹೋಗುವುದು ಕಷ್ಟ. ಒಂದೇ ಸ್ವಭಾವ ಎರಡು ಹೆಜ್ಜೆಗಳಲ್ಲೂ ಕೆಲಸ ಮಾಡುತ್ತದೆ, ಅದಕ್ಕೇ ಯಾವ ಕಾರಣ ಹೇಳಿದರೂ ಕ್ರಮ ಸರಿ ಬರುತ್ತದೆ, ಅಂಕವೂ ಬರುತ್ತದೆ. ಅಂಕ ಬಂದದ್ದರಿಂದಲೇ ಹಲವರು ಪ್ರಶ್ನೆಯನ್ನು ಅಲ್ಲಿಗೆ ಬಿಟ್ಟುಬಿಡುತ್ತಾರೆ.

ಹಾಗಾದರೆ ಯಾವ ಹೆಜ್ಜೆ ನಿಜಕ್ಕೂ ತಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ 1951ರಲ್ಲಿ ಮೈರನ್ ಬೆಂಡರ್ ಪ್ರಕಟಿಸಿದ ಪ್ರಯೋಗ ನನಗೆ ಈ ಅಧ್ಯಾಯದಲ್ಲೇ ಅತ್ಯಂತ ಇಷ್ಟವಾದದ್ದು. ಬೆಂಜೋಯಿಕ್ ಆಮ್ಲದ ಎಸ್ಟರುಗಳ ಕಾರ್ಬೊನಿಲ್ ಆಕ್ಸಿಜನ್ ಜಾಗದಲ್ಲಿ ಭಾರದ ಆಕ್ಸಿಜನ್, ಅಂದರೆ ¹⁸O ಇಟ್ಟು ಅವುಗಳನ್ನು ಸಾಮಾನ್ಯ ನೀರಿನಲ್ಲಿ ಜಲವಿಚ್ಛೇದನೆಗೆ ಹಚ್ಚಿದರು. ಕ್ರಿಯೆ ಅರ್ಧದಲ್ಲಿರುವಾಗಲೇ ನಿಲ್ಲಿಸಿ, ಇನ್ನೂ ಒಡೆಯದೆ ಉಳಿದಿದ್ದ ಎಸ್ಟರನ್ನು ವಾಪಸ್ ತೆಗೆದು ಅಳೆದರು. ಒಡೆಯದೇ ಉಳಿದ ಎಸ್ಟರಿನಲ್ಲೂ ¹⁸O ಪ್ರಮಾಣ ಇಳಿದಿತ್ತು! ಹೈಡ್ರಾಕ್ಸೈಡ್ ಒಂದೇ ಏಟಿಗೆ ಆಲ್ಕಾಕ್ಸೈಡನ್ನು ಒದ್ದು ಹೊರಹಾಕುವುದಾಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ. ಹೈಡ್ರಾಕ್ಸೈಡ್ ಬಂದು ಅಂಟಿತು, ಮಧ್ಯವರ್ತಿಯಲ್ಲಿ ಪ್ರೋಟಾನ್ ಒಂದು ಆಕ್ಸಿಜನ್ನಿಂದ ಇನ್ನೊಂದಕ್ಕೆ ಹಾರಿತು, ಹೊಸ ಆಕ್ಸಿಜನ್ನಿಗೂ ಹಳೆಯದಕ್ಕೂ ವ್ಯತ್ಯಾಸ ಉಳಿಯಲಿಲ್ಲ, ಕೆಲವೊಮ್ಮೆ ಮುಂದೆ ಹೋಗುವ ಬದಲು ಮಧ್ಯವರ್ತಿ ಗುರುತು ಹಾಕಿದ ಆಕ್ಸಿಜನ್ನನ್ನೇ ಹೈಡ್ರಾಕ್ಸೈಡಾಗಿ ಉಗುಳಿ ಹಿಂದೆ ಸರಿಯಿತು.

ಎಸ್ಟರುಗಳಲ್ಲಿ ಹೀಗೆ ಹಿಂದೆ ಸರಿಯುವುದು ಕಡಿಮೆ, ಒಡೆದು ಮುಂದೆ ಹೋಗುವುದೇ ಹೆಚ್ಚು. ಎಂದರೆ ಎಸ್ಟರಿಗೆ ಮೊದಲ ಹೆಜ್ಜೆಯೇ ಮುಖ್ಯ ಅಡ್ಡಿ. ಅದನ್ನು ದಾಟಿದರೆ ದಾರಿ ಬಹುಪಾಲು ಇಳಿಜಾರು. ಅದೇ ಬಗೆಯ ಪ್ರಯೋಗವನ್ನು ಬೆಂಜಮೈಡಿನ ಮೇಲೆ ಕ್ಷಾರದಲ್ಲಿ ಮಾಡಿದಾಗ ಚಿತ್ರ ತಿರುಗಿಬಿತ್ತು: ಆಕ್ಸಿಜನ್ ವಿನಿಮಯವೇ ಜಲವಿಚ್ಛೇದನೆಗಿಂತ ವೇಗವಾಗಿ ನಡೆಯಿತು. ಹೈಡ್ರಾಕ್ಸೈಡ್ ಮತ್ತೆ ಮತ್ತೆ ಬಂದು ಅಂಟುತ್ತದೆ, ಆದರೆ ಹೊರಹೋಗುವ ಸರದಿ ಬಂದಾಗ NH₂⁻ ಗಿಂತ ಹೈಡ್ರಾಕ್ಸೈಡೇ ಸುಲಭವಾಗಿ ಹೋಗುವುದರಿಂದ ಹೆಚ್ಚಿನ ಸಲ ಬಂದವನೇ ವಾಪಸ್ ಹೋಗುತ್ತಾನೆ. ನೈಟ್ರೋಜನ್ ಹೊರಬೀಳಬೇಕಾದರೆ ನೀರಿನಿಂದ ಒಂದು ಪ್ರೋಟಾನ್ ಪಡೆದು ಅಮೋನಿಯವಾಗಿಯೇ ಹೋಗಬೇಕು. ಅಮೈಡಿಗೆ ಎರಡು ಹೆಜ್ಜೆಗಳೂ ಗೋಡೆಯೇ.

ಆದ್ದರಿಂದ ನಿಮ್ಮ "ಯಾವುದು ಸರಿ?" ಎಂಬುದಕ್ಕೆ ನನ್ನ ತೀರ್ಪು ಹೀಗೆ. ಆಸಿಡ್ ಕ್ಲೋರೈಡಿನಿಂದ ಎಸ್ಟರಿನವರೆಗಿನ ಕ್ರಮವನ್ನು ಮುಖ್ಯವಾಗಿ ಮೊದಲ ಹೆಜ್ಜೆ, ಅಂದರೆ ಎಳೆಯುವಿಕೆ ಮತ್ತು ರೆಸೊನೆನ್ಸ್‌ಗಳ ನಿವ್ವಳ ಲೆಕ್ಕ, ತೀರ್ಮಾನಿಸುತ್ತದೆ. ಅಮೈಡ್ ಅಷ್ಟು ಕೆಳಗೆ ಬಿದ್ದಿರುವುದಕ್ಕೆ ಅದರ ಜೊತೆಗೆ ಲೀವಿಂಗ್ ಗ್ರೂಪಿನ ಕಾರಣವೂ ಸೇರುತ್ತದೆ. ಪರೀಕ್ಷೆಯಲ್ಲಿ ಎರಡು ಹೆಜ್ಜೆಗಳನ್ನೂ ಬಿಡಿಸಿ, ಯಾವ ಕಾರಣ ಯಾವ ಹೆಜ್ಜೆಗೆ ಎಂದು ಬರೆದರೆ ಯಾವ ಲೆಕ್ಚರರೂ ತಪ್ಪೆನ್ನಲಾರರು.

ರೆಸೊನೆನ್ಸ್ ಇಷ್ಟೊಂದು ಮಾಡುತ್ತದೆಯೇ ಎಂದು ಇನ್ನೂ ಅನುಮಾನವಿದ್ದರೆ, ಅದನ್ನು ಕಿತ್ತುಹಾಕಿದ ಅಮೈಡೊಂದಿದೆ. 2-ಕ್ವಿನ್ಯೂಕ್ಲಿಡೋನ್ ಎಂಬ ಅಣುವಿನಲ್ಲಿ ಅಮೈಡ್ ಬಂಧ ಗೂಡಿನಂಥ ಚೌಕಟ್ಟಿನೊಳಗೆ ಸಿಕ್ಕಿಬಿದ್ದಿದೆ. ನೈಟ್ರೋಜನ್ನಿನ ಒಂಟಿ ಜೋಡಿ ಕಾರ್ಬೊನಿಲ್‌ನ ಪೈ ಕಕ್ಷಕಕ್ಕೆ ಅಡ್ಡವಾಗಿ ತಿರುಗಿದೆ, ಬೆರೆಯಲು ದಾರಿಯೇ ಇಲ್ಲ. ಇದನ್ನು ಟಾನಿ ಮತ್ತು ಸ್ಟೋಲ್ಟ್ಜ್ 2006ರಲ್ಲಿ ಟೆಟ್ರಾಫ್ಲೂರೊಬೋರೇಟ್ ಲವಣದ ರೂಪದಲ್ಲಿ ತಯಾರಿಸಿ ತೋರಿಸಿದರು. ನೀರಿನಲ್ಲಿ ಅದರ ಅರ್ಧಾಯು 15 ಸೆಕೆಂಡಿಗಿಂತ ಕಡಿಮೆ. ನೂರಾರು ವರ್ಷ ಬಾಳಬೇಕಾದ ಬಂಧ ಅನ್‌ಹೈಡ್ರೈಡಿಗಿಂತ ಬೇಗ ಒಡೆಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಆ ಲವಣದಲ್ಲಿ ಪ್ರೋಟಾನ್ ನೈಟ್ರೋಜನ್ ಮೇಲೆಯೇ ಕೂತಿರುವುದರಿಂದ ನೈಟ್ರೋಜನ್ ಹೊರಹೋಗುವುದೂ ಸುಲಭವಾಗಿದೆ. ಆದರೆ ಸಾಧಾರಣ ಅಮೈಡಿನಲ್ಲಿ ಪ್ರೋಟಾನ್ ಕೂರುವುದು ಆಕ್ಸಿಜನ್ ಮೇಲೆ. ಇಲ್ಲಿ ನೈಟ್ರೋಜನ್ ಮೇಲೆ ಕೂತಿದೆ ಎಂಬುದೇ ಆ ಜೋಡಿ ಬಿಡುವಾಗಿದೆ ಎನ್ನುವುದಕ್ಕೆ ಸಾಕ್ಷಿ. ಪೆನಿಸಿಲಿನ್‌ನ ನಾಲ್ಕು ಮೂಲೆಯ ಉಂಗುರದಲ್ಲಿರುವ ಅಮೈಡೂ ಇದರ ಸೌಮ್ಯ ರೂಪ. ಅದರ C=O 1770ರಾಚೆ ಕಾಣುತ್ತದೆ, ಬ್ಯಾಕ್ಟೀರಿಯಾದ ಕಿಣ್ವದ ಸೆರೀನ್ ಅದನ್ನು ಒಡೆದು ತನಗೇ ಅಂಟಿಸಿಕೊಳ್ಳುತ್ತದೆ, ಆ ಕಿಣ್ವದ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಏಣಿಯನ್ನು ಬಳಸುವಾಗ ಒಂದು ಎಚ್ಚರಿಕೆ. ಅಸೈಲ್ ಭಾಗ ಒಂದೇ ಆಗಿದ್ದಾಗ ಮಾತ್ರ ಈ ಹೋಲಿಕೆಗೆ ಅರ್ಥವಿದೆ. ಬೆಂಜಾಯಿಲ್ ಕ್ಲೋರೈಡ್ ತಣ್ಣೀರಿನಡಿ ಎಣ್ಣೆಯಂತೆ ಕೂತಿರುತ್ತದೆ, ಅಸಿಟಿಕ್ ಅನ್‌ಹೈಡ್ರೈಡ್ ಅಷ್ಟು ಹೊತ್ತಿಗೆ ಕರಗಿ ಮುಗಿದಿರುತ್ತದೆ. ಒಂದು ನೀರಿಗೆ ಸೇರದು, ಜೊತೆಗೆ ಬೆಂಜೀನ್ ಉಂಗುರವೂ ಅದರ ಕಾರ್ಬೊನಿಲ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ಹಾಗೆಯೇ ಎಲ್ಲ ಎಸ್ಟರುಗಳೂ ಒಂದಲ್ಲ. ಫಿನೈಲ್ ಎಸ್ಟರ್ ಈಥೈಲ್ ಎಸ್ಟರಿಗಿಂತ ಚುರುಕು, ಪ್ಯಾರಾ ಸ್ಥಾನದಲ್ಲಿ ನೈಟ್ರೊ ಗುಂಪಿದ್ದರೆ ಇನ್ನೂ ಚುರುಕು.

ಇನ್ನು ಏಣಿಯನ್ನು ಕೆಲಸಕ್ಕೆ ಹಚ್ಚೋಣ. 4-ಅಮೈನೋಫೀನಾಲ್‌ನಿಂದ ಪ್ಯಾರಾಸಿಟಮಾಲ್ ಮಾಡುವುದು ನಿಮ್ಮ ಲ್ಯಾಬಿನಲ್ಲೂ ಇರಬಹುದು. ಗುರಿ ಏನೆಂದರೆ ನೈಟ್ರೋಜನ್ನಿಗೆ ಅಸಿಟೈಲ್ ಹತ್ತಬೇಕು, ಅದೇ ಅಣುವಿನ ಫೀನಾಲ್ OH ಗೆ ಹತ್ತಬಾರದು. 5.5 ಗ್ರಾಂ 4-ಅಮೈನೋಫೀನಾಲ್ ಎಂದರೆ 0.05 ಮೋಲ್. ಅದನ್ನು 50 ಮಿಲಿ ನೀರಿನಲ್ಲಿ ಕಲಕಿ, 6 ಮಿಲಿ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ, ನೀರಿನ ಸ್ನಾನದ ಮೇಲೆ ಹತ್ತು ಹದಿನೈದು ನಿಮಿಷ ಬಿಸಿ ಮಾಡುತ್ತೇವೆ. 6 ಮಿಲಿ ಎಂದರೆ ಸುಮಾರು 0.064 ಮೋಲ್, ಸ್ವಲ್ಪ ಹೆಚ್ಚು. ನೀರು ತಿನ್ನುವ ಪಾಲಿಗೆ ಅದು ಬೇಕು. ಆಮೇಲೆ ಐಸಿನಲ್ಲಿ ಚೆನ್ನಾಗಿ ತಣಿಸಬೇಕು, ಇಲ್ಲವಾದರೆ ಅರ್ಧ ಗ್ರಾಮಿಗೂ ಹೆಚ್ಚು ನೀರಲ್ಲೇ ಉಳಿದುಬಿಡುತ್ತದೆ. ಪೂರ್ತಿ ಇಳುವರಿ 7.5 ಗ್ರಾಂ, ಕರಗುವ ಬಿಂದು 169–170 ಡಿಗ್ರಿ.

ನೀರಿನೊಳಗೆ ಅನ್‌ಹೈಡ್ರೈಡ್ ಹಾಕುವುದು ಹುಚ್ಚುತನದಂತೆ ಕಾಣುತ್ತದೆ, ಆದರೆ ಮೇಲೆ ಹೇಳಿದ ಸಮಯಗಳನ್ನು ನೆನಪಿಸಿಕೊಳ್ಳಿ. ನೀರು ಅದನ್ನು ಒಡೆಯಲು ನಿಮಿಷಗಳು ಬೇಕು. ಅಮೀನ್ ನೀರಿಗಿಂತ ಎಷ್ಟೋ ಒಳ್ಳೆಯ ನ್ಯೂಕ್ಲಿಯೊಫೈಲ್ ಆದ್ದರಿಂದ ಅಷ್ಟರೊಳಗೆ ತನ್ನ ಪಾಲನ್ನು ಕಸಿದುಕೊಳ್ಳುತ್ತದೆ. ತಟಸ್ಥ ಫೀನಾಲ್ ಈ ಓಟದಲ್ಲಿ ಹಿಂದೆ ಬೀಳುತ್ತದೆ. ಅನ್‌ಹೈಡ್ರೈಡಿನ ಬದಲು ಈಥೈಲ್ ಅಸಿಟೇಟ್ ಹಾಕಿದರೆ ಆ ಹದಿನೈದು ನಿಮಿಷದಲ್ಲಿ ಏನೂ ಆಗುವುದಿಲ್ಲ. ಇನ್ನು "ಚುರುಕಾದದ್ದೇ ಒಳ್ಳೆಯದಲ್ಲವೇ" ಎಂದು ಅಸಿಟೈಲ್ ಕ್ಲೋರೈಡ್ ಹಾಕಿದವರನ್ನು ನಾನು ಕಂಡಿದ್ದೇನೆ. ಸಿಡಿದು ಹೊಗೆ ಎದ್ದಿತು, ಕಲಕುತ್ತಿದ್ದ ಪುಡಿ ಚಂದವಾಗಿ ಕರಗಿ ತಿಳಿಯಾಯಿತು, ತಣಿಸಿದರೆ ಹರಳು ಮಾತ್ರ ಬರಲಿಲ್ಲ. ನೀರು ಕ್ಲೋರೈಡನ್ನು ಮೊದಲೇ ನುಂಗಿತ್ತು, ಹುಟ್ಟಿದ HCl ಅಮೀನಿಗೆ ಪ್ರೋಟಾನ್ ಕೊಟ್ಟು ಅದರ ಒಂಟಿ ಜೋಡಿಯನ್ನೇ ಮುಚ್ಚಿಹಾಕಿತ್ತು. ಬೈಕಾರ್ಬೊನೇಟ್ ಹಾಕಿದಾಗ ಹಳೆಯ 4-ಅಮೈನೋಫೀನಾಲೇ ಹೊರಬಂತು.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಸಾಮಾನ್ಯ: ನೀರು ಹಾಕದೆ, ಅನ್‌ಹೈಡ್ರೈಡ್ ಎರಡು ಪಟ್ಟು ಸುರಿದು, ಹೆಚ್ಚು ಹೊತ್ತು ಕಾಯಿಸುವುದು. ಆಗ ನೈಟ್ರೋಜನ್ ಮುಗಿದ ಮೇಲೆ ಆಕ್ಸಿಜನ್ನಿಗೂ ಅಸಿಟೈಲ್ ಹತ್ತುತ್ತದೆ. ನೋಡಲು ಬಿಳಿ ಹರಳೇ, ತೂಕವೂ ಚೆನ್ನಾಗಿಯೇ ಇರುತ್ತದೆ, ಆದರೆ 169ರ ಬದಲು 150ರ ಹತ್ತಿರವೇ ಕರಗತೊಡಗುತ್ತದೆ. ಫೆರಿಕ್ ಕ್ಲೋರೈಡ್ ಹನಿ ಹಾಕಿದರೆ ಪ್ಯಾರಾಸಿಟಮಾಲ್‌ಗೆ ಬರಬೇಕಾದ ನೀಲಿ-ನೇರಳೆ ಬಣ್ಣ ಬರುವುದಿಲ್ಲ, ಏಕೆಂದರೆ ಬಿಡುವಾದ ಫೀನಾಲ್ ಉಳಿದಿಲ್ಲ. ಐಆರ್‌ನಲ್ಲಿ ಅಮೈಡಿನ 1660 ಹತ್ತಿರದ ಪಟ್ಟಿಯ ಜೊತೆಗೆ 1760 ಹತ್ತಿರ ಫಿನೈಲ್ ಎಸ್ಟರಿನ ಪಟ್ಟಿ ಎದ್ದು ನಿಂತಿರುತ್ತದೆ.

ಇದನ್ನು ಎಸೆಯಬೇಕಿಲ್ಲ, ಏಣಿಯೇ ಕಾಪಾಡುತ್ತದೆ. ಒಂದೇ ಅಣುವಿನಲ್ಲಿ ಈಗ ಒಂದು ಎಸ್ಟರೂ ಒಂದು ಅಮೈಡೂ ಇವೆ. ಅಷ್ಟೂ ಡೈಅಸಿಟೈಲ್ ಆಗಿದ್ದರೆ 0.05 ಮೋಲ್ ಎಸ್ಟರಿಗೆ 0.1 ಮೋಲ್ NaOH ಬೇಕು, ಒಂದು ಪಾಲು ಅಸಿಟೇಟಿಗೆ, ಇನ್ನೊಂದು ಫೀನಾಕ್ಸೈಡಿಗೆ. ಹಾಗಾಗಿ 1 ಮೋಲಾರ್ ದ್ರಾವಣ 120 ಮಿಲಿ ಸಾಕು. ಬಿಸಿ ಮಾಡದೆ ಕಲಕುತ್ತಿರಿ. ಕರಗದೆ ತೇಲುತ್ತಿದ್ದ ಪುಡಿ ಮೆಲ್ಲಗೆ ಮಾಯವಾಗುವುದೇ ಎಸ್ಟರ್ ಒಡೆಯುತ್ತಿರುವ ಗುರುತು. ತಿಳಿಯಾದ ಕೂಡಲೇ ತಣ್ಣಗಿರುವಾಗಲೇ ದುರ್ಬಲ HCl ನಿಂದ pH 6ಕ್ಕೆ ತನ್ನಿ. ಕ್ಷಾರದಲ್ಲಿ ಗಾಳಿಗೆ ಬಿಟ್ಟು ಕೂತರೆ ಫೀನಾಲ್ ಆಕ್ಸಿಡೀಕರಣಗೊಂಡು ದ್ರಾವಣ ಕಂದಾಗುತ್ತದೆ. ಆ ಕೆಲವು ನಿಮಿಷಗಳಲ್ಲಿ ಅಮೈಡಿಗೆ ಏನೂ ಆಗಿರುವುದಿಲ್ಲ. ಈ ಸಲ ಫೆರಿಕ್ ಕ್ಲೋರೈಡ್ ಹನಿಗೆ ಬಣ್ಣ ಬರುತ್ತದೆ, ಒಣಗಿಸಿ ಕರಗುವ ಬಿಂದು ನೋಡಿದರೆ 169 ಸಿಗುತ್ತದೆ.